ಹಳೇ ಕೇಸ್ ಇದ್ದವರು ವಿದೇಶಕ್ಕೆ ಪಿಸಿಸಿ ಪಡೆಯುವುದು ಹೇಗೆ: ಅರ್ಜಿಗಿಂತ ಮೊದಲು ಮಾಡಬೇಕಾದ ಕೆಲಸಗಳು

ದಾವಣಗೆರೆ, ಚಿತ್ರದುರ್ಗದ ಕೋರ್ಟುಗಳಲ್ಲಿ ವಕೀಲಿ ಮಾಡುವ ನನ್ನ ಹತ್ತಿರ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್, ಅಂದರೆ ಪಿಸಿಸಿ ವಿಷಯಕ್ಕೆ ಬರುವವರೆಲ್ಲ ಹೆಚ್ಚುಕಡಿಮೆ ಒಂದೇ ಸ್ಥಿತಿಯಲ್ಲಿ ಬರುತ್ತಾರೆ. ಕೆಲಸದ ಆಫರ್ ಕೈಯಲ್ಲಿದೆ, ಮೆಡಿಕಲ್ ಮುಗಿದಿದೆ, ಏಜೆಂಟನಿಗೆ ದುಡ್ಡು ಹೋಗಿದೆ, ಆಮೇಲೆ ಪೊಲೀಸ್ ವರದಿ ತಿರುಗಿ ಬಿದ್ದಿದೆ. ಕಾರಣ ಬಹುಪಾಲು ಒಂದೇ: ಯಾವತ್ತೋ ಆದ ಜಗಳದ ಕೇಸು. ಅದು ಮುಗಿದಿದೆ ಎಂದು ಇವರು ನಂಬಿದ್ದಾರೆ, ದಾಖಲೆಯಲ್ಲಿ ಮುಗಿದಿಲ್ಲ. ತಪ್ಪುವುದು ಹಂತಗಳ ಕ್ರಮದಲ್ಲಿ. ಮೊದಲು ಅರ್ಜಿ, ಆಮೇಲೆ ಕೇಸು ಎನ್ನುವುದನ್ನು ತಿರುಗಿಸಿ, ಮೊದಲು ಕೇಸು, ಆಮೇಲೆ ಅರ್ಜಿ ಎಂದು ಮಾಡಿಕೊಳ್ಳಬೇಕು.

ಒಂದು ಉದಾಹರಣೆಯನ್ನು ಕೊನೆಯವರೆಗೂ ಇಟ್ಟುಕೊಳ್ಳುತ್ತೇನೆ. ಹೊಳಲ್ಕೆರೆ ಕಡೆಯ ಒಂದು ಹಳ್ಳಿಯ ಹುಡುಗ, ಎಲೆಕ್ಟ್ರಿಷಿಯನ್, ಕುವೈತ್‌ಗೆ ಹೊರಟಿದ್ದ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. 2019ರಲ್ಲಿ ಅವರ ಮನೆಯವರಿಗೂ ಪಕ್ಕದ ಹೊಲದವರಿಗೂ ಬದುವಿನ ವಿಷಯಕ್ಕೆ ಹೊಡೆದಾಟವಾಗಿ, ಅಪ್ಪ, ಅಣ್ಣ ಮತ್ತು ಈ ಹುಡುಗ, ಮೂವರ ಮೇಲೂ ಹೊಡೆತ, ಆಯುಧದಿಂದ ಗಾಯ, ಅವಮಾನ, ಬೆದರಿಕೆಯ ಐಪಿಸಿ 323, 324, 504, 506 ಜೊತೆಗೆ, ಒಟ್ಟಾಗಿ ಮಾಡಿದರೆಂಬ 34ರ ಕೇಸು ಬಿತ್ತು. ಆಗ ಅವನು ದಾವಣಗೆರೆಯಲ್ಲಿ ರೂಮ್ ಮಾಡಿಕೊಂಡು ಐಟಿಐ ಓದುತ್ತಿದ್ದ. 2022ರಲ್ಲಿ ಕೇಸು ಖುಲಾಸೆಯಾಯಿತು. ಮನೆಯಲ್ಲಿ ಎಲ್ಲರೂ ನಿರಾಳವಾದರು. ಖುಲಾಸೆಯಾದದ್ದು ಅಪ್ಪ ಮತ್ತು ಅಣ್ಣನಿಗೆ ಮಾತ್ರ.

## ಹಂತ 1: ಯಾವ ಪಿಸಿಸಿ ಬೇಕು ಎಂದು ಖಚಿತ ಮಾಡಿಕೊಳ್ಳಿ

ಒಂದೇ ಹೆಸರಿನಲ್ಲಿ ಎರಡು ಸರ್ಟಿಫಿಕೇಟ್ ಓಡಾಡುತ್ತಿವೆ. ಒಂದನ್ನು ಕರ್ನಾಟಕ ಪೊಲೀಸರು ಕೊಡುತ್ತಾರೆ. ಇಲ್ಲಿನ ಕಂಪನಿ, ಸೆಕ್ಯುರಿಟಿ ಏಜೆನ್ಸಿ ಇಂಥ ಕಡೆ ಕೆಲಸಕ್ಕೆ ಸೇರುವವರು ಅದನ್ನು ಪಡೆಯುತ್ತಾರೆ. ಇನ್ನೊಂದನ್ನು ಪಾಸ್‌ಪೋರ್ಟ್ ಕಚೇರಿ ಕೊಡುತ್ತದೆ. ಭಾರತದ ಪಾಸ್‌ಪೋರ್ಟ್ ಇದ್ದವರು ವಿದೇಶದಲ್ಲಿ ಕೆಲಸ, ದೀರ್ಘಾವಧಿ ವೀಸಾ, ನೆಲೆಸುವ ಅನುಮತಿ ಇಂಥವಕ್ಕೆ ಅರ್ಜಿ ಹಾಕಿದಾಗ ಸಾಮಾನ್ಯವಾಗಿ ಕೇಳುವುದು ಇದನ್ನೇ. ಟೂರಿಸ್ಟ್ ವೀಸಾಕ್ಕೆ ಇದನ್ನು ಕೊಡುವುದಿಲ್ಲ. ಮೊದಲನೆಯದನ್ನು ಮಾಡಿಸಿಕೊಂಡು ವೀಸಾ ಕಚೇರಿಯಿಂದ ವಾಪಸ್ ಬಂದವರು ಬಹಳ ಮಂದಿ. ನಿಮಗೆ ಬಂದ ಪತ್ರದಲ್ಲಿ ಏನು ಬರೆದಿದೆ ಎಂದು ಓದಿ, ಏಜೆಂಟನ ಬಾಯಿಮಾತನ್ನು ನಂಬಬೇಡಿ.

ಪಾಸ್‌ಪೋರ್ಟ್ ಕಚೇರಿಯ ಪಿಸಿಸಿ ಏನು ಹೇಳುತ್ತದೆ ಎನ್ನುವುದನ್ನೂ ತಿಳಿದಿರಬೇಕು. ನಿಮ್ಮ ಹೆಸರು, ಪಾಸ್‌ಪೋರ್ಟ್ ನಂಬರ್, ಹೋಗುವ ದೇಶದ ಹೆಸರು ಬರೆದು, ಆ ದೇಶದ ವೀಸಾ ಸೇರಿದಂತೆ ಪ್ರಯಾಣದ ಸೌಲಭ್ಯಕ್ಕೆ ಇವರನ್ನು ಅನರ್ಹರನ್ನಾಗಿಸುವ ಪ್ರತಿಕೂಲ ಮಾಹಿತಿ ನಮ್ಮಲ್ಲಿ ಇಲ್ಲ ಎಂದು ಅದು ಹೇಳುತ್ತದೆ, ಅಷ್ಟೇ. ನೀವು ಒಳ್ಳೆಯವರೆಂದೋ ಜೀವನದಲ್ಲಿ ಒಂದು ಕೇಸೂ ಆಗಿಲ್ಲವೆಂದೋ ಹೇಳುವ ನಡತೆ ಪತ್ರ ಅದಲ್ಲ. ಹಾಗಾಗಿ ಖುಲಾಸೆಯಾದ ಕೇಸು ಅಡ್ಡಿಯಾಗಬೇಕಿಲ್ಲ. ಅಡ್ಡಿಯಾಗುವುದು ನಡೆಯುತ್ತಿರುವ ಕೇಸು, ಅಥವಾ ಮುಗಿದಿದ್ದರೂ ಠಾಣೆಯ ದಾಖಲೆಯಲ್ಲಿ ನಡೆಯುತ್ತಿದೆ ಎಂದೇ ಉಳಿದಿರುವ ಕೇಸು.

## ಹಂತ 2: ನಿಮ್ಮ ಹೆಸರನ್ನು ನೀವೇ ಹುಡುಕಿ ನೋಡಿ

ಇದಕ್ಕೆ ಬೇಕಾದದ್ದು ಒಂದು ಫೋನ್ ಮತ್ತು ಅರ್ಧ ಗಂಟೆ. services.ecourts.gov.in ತೆರೆದು Case Status ಒತ್ತಿ. ರಾಜ್ಯ, ಜಿಲ್ಲೆ, ಕೋರ್ಟ್ ಕಾಂಪ್ಲೆಕ್ಸ್ ಆರಿಸಿ. ಎಫ್‌ಐಆರ್ ನಂಬರ್ ಗೊತ್ತಿದ್ದರೆ FIR Number ಎಂಬಲ್ಲಿ ಠಾಣೆ, ನಂಬರ್, ವರ್ಷ ಹಾಕಿ. ಗೊತ್ತಿಲ್ಲದಿದ್ದರೆ Party Name ಎಂಬಲ್ಲಿ ಹೆಸರು ಮತ್ತು ವರ್ಷ ಹಾಕಿ.

ಇಲ್ಲಿ ಜನ ಮಾಡುವ ಮೊದಲ ತಪ್ಪು, ಆಧಾರ್‌ನಲ್ಲಿ ಇದ್ದ ಹಾಗೆ ಹೆಸರು ಟೈಪ್ ಮಾಡಿ, ಏನೂ ಬರಲಿಲ್ಲ ಎಂದು ಮುಚ್ಚಿಬಿಡುವುದು. ದೂರು ಬರೆಸಿದವರು ನಿಮ್ಮ ಹೆಸರನ್ನು ಹೇಗೆ ಹೇಳಿದರೋ ಹಾಗೆಯೇ ಎಫ್‌ಐಆರ್‌ನಲ್ಲಿ ಇರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಮಂಜುನಾಥ ಆದವನು ಅಲ್ಲಿ ಮಂಜ, ಮಂಜಪ್ಪ, ಮಂಜಣ್ಣ ಏನು ಬೇಕಾದರೂ ಆಗಿರಬಹುದು. ಇಂಗ್ಲಿಷ್ ಸ್ಪೆಲ್ಲಿಂಗ್ ಇನ್ನೂ ಬೇರೆ. ಹೆಸರಿನ ಮೊದಲ ನಾಲ್ಕೈದು ಅಕ್ಷರ ಮಾತ್ರ ಹಾಕಿ ಹುಡುಕಿ. ಅಪ್ಪನ ಹೆಸರಿನಲ್ಲೂ ಹುಡುಕಿ, ಏಕೆಂದರೆ ಹಳ್ಳಿ ಜಗಳದ ಕೇಸಿನಲ್ಲಿ ಮೊದಲ ಆರೋಪಿ ಸಾಮಾನ್ಯವಾಗಿ ಮನೆಯ ಹಿರಿಯನೇ. ಎಫ್‌ಐಆರ್ ಆದ ವರ್ಷವೂ ಕೋರ್ಟಿನಲ್ಲಿ ಕೇಸು ದಾಖಲಾದ ವರ್ಷವೂ ಬೇರೆಯಾಗಿರಬಹುದು. ಮುಂದಿನ ಎರಡು ಮೂರು ವರ್ಷಗಳನ್ನೂ ನೋಡಿ.

ಎರಡನೆಯ ತಪ್ಪು, Disposed, ಅಂದರೆ ಇತ್ಯರ್ಥವಾಗಿದೆ ಎಂದು ಕಂಡ ಕೂಡಲೇ ಸಮಾಧಾನಪಡುವುದು. ಎಲೆಕ್ಟ್ರಿಷಿಯನ್ ಹುಡುಗನ ವಿಷಯದಲ್ಲಿ ಆದದ್ದೇ ಇದು. ಸಮನ್ಸ್ ಹಳ್ಳಿಯ ವಿಳಾಸಕ್ಕೆ ಹೋಗಿತ್ತು, ಅವನು ದಾವಣಗೆರೆಯಲ್ಲಿದ್ದ. ಹಾಜರಾಗದವನಿಗಾಗಿ ಉಳಿದಿಬ್ಬರ ವಿಚಾರಣೆ ನಿಲ್ಲಿಸದೆ, ಕೋರ್ಟು ಅವನ ಭಾಗವನ್ನು ಬೇರ್ಪಡಿಸಿ ಹೊಸ ಸಿ.ಸಿ. ನಂಬರ್, ಅಂದರೆ ಕೋರ್ಟಿನ ಕ್ರಿಮಿನಲ್ ಕೇಸ್ ನಂಬರ್ ಕೊಟ್ಟಿತು. ಕೋರ್ಟಿನ ಮಾತಿನಲ್ಲಿ ಇದು ‘ಸ್ಪ್ಲಿಟ್ ಅಪ್’. ಮೂಲ ಕೇಸು ಖುಲಾಸೆಯಾಗಿ ಮುಗಿದರೂ ಈ ಎರಡನೆಯ ನಂಬರ್ ಜೀವಂತವಾಗಿತ್ತು, ಅದರಲ್ಲಿ ಜಾಮೀನುರಹಿತ ವಾರಂಟೂ ಇತ್ತು. ಅವನು ನನಗೆ ಫೋನ್ ಸ್ಕ್ರೀನ್ ತೋರಿಸಿದಾಗ ಒಂದೇ ಠಾಣೆ, ಒಂದೇ ಎಫ್‌ಐಆರ್ ನಂಬರಿನ ಎದುರು ಎರಡು ಸಾಲು ಕಾಣುತ್ತಿದ್ದವು. ಮೇಲಿನದರಲ್ಲಿ ಅಪ್ಪನ ಹೆಸರು, ಕೆಳಗಿನದರಲ್ಲಿ ಇವನ ಹೆಸರು. ಮೇಲಿನ ಸಾಲನ್ನು ಮಾತ್ರ ಮುಟ್ಟಿ ನೋಡಿದ್ದ.

ಆನ್‌ಲೈನ್‌ನಲ್ಲಿ ಏನೂ ಸಿಗದಿದ್ದರೂ ಜಗಳ, ದೂರು, ಠಾಣೆಗೆ ಕರೆಸಿ ಸಹಿ ಹಾಕಿಸಿಕೊಂಡದ್ದು, ಯುಗಾದಿಯ ಅಂದರ್ ಬಾಹರ್ ರೈಡಿನಲ್ಲಿ ಹೆಸರು ಬರೆದುಕೊಂಡದ್ದು ನೆನಪಿದ್ದರೆ, ವಕೀಲರ ಮೂಲಕ ಆ ಠಾಣೆಯಲ್ಲಿ ವಿಚಾರಿಸಿ. ವಾರಂಟ್ ಇರಬಹುದೆಂಬ ಅನುಮಾನವಿದ್ದರೆ ನೀವೇ ಠಾಣೆಗೆ ಹೋಗಿ ಕೇಳುವ ಮೊದಲು ವಕೀಲರನ್ನು ಕಾಣಿ.

## ಹಂತ 3: ಕೇಸು ಎಲ್ಲಿ ನಿಂತಿದೆ ಎಂದು ಗುರುತಿಸಿ

‘ಕೇಸ್ ಇದೆ’ ಎಂಬ ಒಂದೇ ಮಾತಿನೊಳಗೆ ನಾಲ್ಕು ಬೇರೆ ಬೇರೆ ಸ್ಥಿತಿಗಳಿವೆ. ಪ್ರತಿಯೊಂದಕ್ಕೂ ದಾರಿ ಬೇರೆ.

ಎಫ್‌ಐಆರ್ ಮಾತ್ರ ಆಗಿದೆ, ತನಿಖೆ ನಡೆಯುತ್ತಿದೆ, ಚಾರ್ಜ್‌ಶೀಟ್ ಕೋರ್ಟಿಗೆ ಹೋಗಿಲ್ಲ ಎನ್ನುವುದು ಮೊದಲನೆಯದು. ಪಾಸ್‌ಪೋರ್ಟ್ ಕಾಯ್ದೆಯ 6(2)(ಎಫ್) ಪಾಸ್‌ಪೋರ್ಟ್ ನಿರಾಕರಿಸಲು ಕಾರಣವಾಗಿ ಹೇಳುವುದು ಕ್ರಿಮಿನಲ್ ಕೋರ್ಟಿನ ಮುಂದೆ ಬಾಕಿ ಇರುವ ಪ್ರಕರಣದ ಬಗ್ಗೆ. ಬರೀ ಎಫ್‌ಐಆರ್ ಅದರೊಳಗೆ ಬರುವುದಿಲ್ಲ, ಕೋರ್ಟು ಕಾಗ್ನಿಜನ್ಸ್ ತೆಗೆದುಕೊಂಡಿರಬೇಕು, ಅಂದರೆ ಕೇಸನ್ನು ತಾನು ಪರಿಗಣನೆಗೆ ಎತ್ತಿಕೊಂಡಿರಬೇಕು ಎಂದು ವಿದೇಶಾಂಗ ಸಚಿವಾಲಯ 2019ರ ಅಕ್ಟೋಬರ್ 10ರ ಸೂಚನೆಯಲ್ಲಿ ಸ್ಪಷ್ಟಪಡಿಸಿದೆ. ಆದರೆ ಇದು ಪಾಸ್‌ಪೋರ್ಟ್ ಕೊಡುವ ವಿಷಯ. ಪಿಸಿಸಿಯ ಪೊಲೀಸ್ ವರದಿಯಲ್ಲಿ ಎಫ್‌ಐಆರ್ ಬಂದೇ ಬರುತ್ತದೆ, ಅಲ್ಲಿ ಫೈಲು ನಿಲ್ಲುತ್ತದೆ. ಪಾಸ್‌ಪೋರ್ಟ್ ಕೈಯಲ್ಲಿದೆ, ಪಿಸಿಸಿಗೆ ಏನು ತೊಂದರೆ ಎಂದು ಕೇಳುವವರಿಗೆ ಉತ್ತರ ಇದೇ.

ಎರಡನೆಯದು, ಪೊಲೀಸರು ಬಿ ರಿಪೋರ್ಟ್, ಅಂದರೆ ಆರೋಪಕ್ಕೆ ಆಧಾರ ಸಿಗಲಿಲ್ಲ, ಕೇಸು ಮುಚ್ಚಬಹುದು ಎಂಬ ವರದಿ ಹಾಕಿದ್ದಾರೆ ಎನ್ನುವುದು. ಬಿ ರಿಪೋರ್ಟ್ ಹಾಕಿದ ದಿನ ಕೇಸು ಮುಗಿಯುವುದಿಲ್ಲ. ದೂರು ಕೊಟ್ಟವರಿಗೆ ನೋಟಿಸ್ ಹೋಗಿ, ಅವರ ತಕರಾರು ಇದ್ದರೆ ಕೇಳಿ, ಕೋರ್ಟು ಅದನ್ನು ಒಪ್ಪಿದ ಆದೇಶ ಮಾಡಬೇಕು. ನಿಮಗೆ ಬೇಕಾದದ್ದು ಆ ಆದೇಶದ ನಕಲು. ಠಾಣೆಯಲ್ಲಿ ಕೊಟ್ಟ ಬಿ ರಿಪೋರ್ಟಿನ ಜೆರಾಕ್ಸ್ ಸಾಲದು.

ಮೂರನೆಯದು, ಚಾರ್ಜ್‌ಶೀಟ್ ಆಗಿ ವಿಚಾರಣೆ ಬಾಕಿ ಇರುವುದು. ಸ್ಪ್ಲಿಟ್ ಅಪ್ ಆದದ್ದೂ ಇದರಲ್ಲೇ ಸೇರುತ್ತದೆ. ನಾಲ್ಕನೆಯದು, ತೀರ್ಪು ಬಂದು ಎಲ್ಲ ಮುಗಿದಿದ್ದರೂ ಠಾಣೆಯ ಕಂಪ್ಯೂಟರ್‌ನಲ್ಲಿ ವಿಚಾರಣೆ ಬಾಕಿ ಎಂದೇ ಉಳಿದಿರುವುದು. ಇದು ಎಷ್ಟು ಸಾಮಾನ್ಯವೋ ಅಷ್ಟೇ ಸುಲಭವಾಗಿ ಸರಿಹೋಗುತ್ತದೆ; ಐದನೆಯ ಹಂತದಲ್ಲಿ ಹೇಳುತ್ತೇನೆ.

ಊರಿನಲ್ಲಿ ರಾಜಿಯಾಗಿದೆ ಎನ್ನುವುದು ಇವುಗಳಲ್ಲಿ ಯಾವುದೂ ಅಲ್ಲ. ದೇವಸ್ಥಾನದ ಕಟ್ಟೆಯ ಮೇಲೆ ಹಿರಿಯರು ಕೂಡಿಸಿ, ಛಾಪಾ ಕಾಗದದ ಮೇಲೆ ಬರೆಸಿ, ಎರಡೂ ಕಡೆಯವರು ಸಹಿ ಮಾಡಿದ್ದರೂ ಕೋರ್ಟಿನ ಆದೇಶ ಆಗುವವರೆಗೆ ಕೇಸು ಇದ್ದಲ್ಲೇ ಇರುತ್ತದೆ. ಆ ಕಾಗದವನ್ನು ಬಿಸಾಡಬೇಡಿ, ಮುಂದೆ ಉಪಯೋಗಕ್ಕೆ ಬರುತ್ತದೆ.

## ಹಂತ 4: ಕೋರ್ಟಿನ ಕೆಲಸ ಮುಗಿಸಿ

ವಾರಂಟ್ ಇದ್ದರೆ ಮೊದಲ ಕೆಲಸ ಅದು. ಹುಡುಗ ವಕೀಲರ ಜೊತೆ ತಾಲ್ಲೂಕಿನ ಜೆಎಂಎಫ್‌ಸಿ ಕೋರ್ಟಿಗೆ ತಾನೇ ಹಾಜರಾದ. ವಾರಂಟ್ ರೀಕಾಲ್ ಅರ್ಜಿ, ಜಾಮೀನು ಅರ್ಜಿ ಒಟ್ಟಿಗೆ ಕೊಟ್ಟೆವು. ಸಮನ್ಸ್ ತನಗೆ ತಲುಪಿರಲಿಲ್ಲ ಎನ್ನಲು ಆ ವರ್ಷಗಳ ಐಟಿಐ ದಾಖಲಾತಿ ಪತ್ರ ಲಗತ್ತಿಸಿದೆವು. ಜಾಮೀನುದಾರನಾಗಿ ಚಿಕ್ಕಪ್ಪ ಪಹಣಿ ಮತ್ತು ಆಧಾರ್ ಹಿಡಿದು ಬಂದರು. ಜಾಮೀನುದಾರರನ್ನು ಕರೆತರದೆ ಒಬ್ಬರೇ ಬಂದು ಹಾಜರಾಗುವುದು ದೊಡ್ಡ ತಪ್ಪು. ಆ ದಿನ ಏನಾಗುತ್ತದೆ ಎನ್ನುವುದು ನಿಮ್ಮ ಕೈಯಲ್ಲಿರುವುದಿಲ್ಲ.

ಕೇಸನ್ನು ಮುಗಿಸುವ ದಾರಿ ಸೆಕ್ಷನ್ ಮೇಲೆ ನಿಂತಿದೆ. 323, 504 ಇಂಥವನ್ನು ಎರಡೂ ಕಡೆಯವರು ಒಪ್ಪಿ ಕೆಳಕೋರ್ಟಿನಲ್ಲೇ ರಾಜಿ ಮಾಡಿಕೊಳ್ಳಬಹುದು. ಲೋಕ ಅದಾಲತ್ ದಿನ ಇಂಥವು ಬೇಗ ಇತ್ಯರ್ಥವಾಗುತ್ತವೆ. 324 ಸೇರಿದ್ದರೆ ಕೆಳಕೋರ್ಟಿನಲ್ಲಿ ರಾಜಿಗೆ ಅವಕಾಶವಿಲ್ಲ. ಹೊಲದ ಜಗಳದಲ್ಲಿ ಒಂದು ದೊಣ್ಣೆಯೋ ಕುಡುಗೋಲೋ ಎಫ್‌ಐಆರ್‌ನಲ್ಲಿ ಕಾಣಿಸಿಕೊಂಡರೆ ಸಾಮಾನ್ಯವಾಗಿ 324 ಬಂದಿರುತ್ತದೆ. ಆಗ ಉಳಿಯುವುದು ಎರಡು ದಾರಿ: ವಿಚಾರಣೆ ಮುಗಿಸಿ ತೀರ್ಪು ಪಡೆಯುವುದು, ಇಲ್ಲವೇ ಬೆಂಗಳೂರಿನ ಹೈಕೋರ್ಟಿನಲ್ಲಿ ಕೇಸು ರದ್ದು ಮಾಡಲು ಅರ್ಜಿ ಹಾಕುವುದು. ಮೊದಲು ಸಿಆರ್‌ಪಿಸಿ 482 ಎನ್ನುತ್ತಿದ್ದ ಈ ಸೆಕ್ಷನ್, ಆ ಕಾಯ್ದೆಯ ಬದಲು ಬಂದ ಹೊಸ ಕಾಯ್ದೆಯಲ್ಲಿ ಈಗ ಬಿಎನ್‌ಎಸ್‌ಎಸ್ 528. 2024ರ ಜುಲೈ 1ಕ್ಕಿಂತ ಮೊದಲು ಆದ ಘಟನೆಗಳಿಗೆ ಐಪಿಸಿ ಸೆಕ್ಷನ್‌ಗಳೇ ಮುಂದುವರಿಯುತ್ತವೆ, ಆ ಬಗ್ಗೆ ಗೊಂದಲ ಬೇಡ.

ನಮ್ಮ ಹುಡುಗನಿಗೆ ಹೈಕೋರ್ಟಿನ ದಾರಿ ಹಿಡಿಸಿದೆವು. ಅದೇ ಘಟನೆ, ಅದೇ ಸಾಕ್ಷಿಗಳು. ಅಪ್ಪ ಮತ್ತು ಅಣ್ಣ ಪೂರ್ತಿ ವಿಚಾರಣೆಯ ನಂತರ ಖುಲಾಸೆಯಾಗಿದ್ದರು. ಸ್ಪ್ಲಿಟ್ ಅಪ್ ಆದವನ ಮೇಲೆ ಬೇರೆ ಆರೋಪ, ಬೇರೆ ಸಾಕ್ಷ್ಯ ಇಲ್ಲದಿದ್ದರೆ ಅವನ ಮೇಲಿನ ಕೇಸು ಮುಂದುವರಿಸಿ ಪ್ರಯೋಜನವಿಲ್ಲ ಎಂಬ ವಾದಕ್ಕೆ ಇಲ್ಲಿ ಬಲವಿರುತ್ತದೆ. ಅದಕ್ಕೆ ಬೇಕಾದದ್ದು 2022ರ ತೀರ್ಪಿನ ದೃಢೀಕೃತ ನಕಲು, ಸಾಕ್ಷಿಗಳ ಹೇಳಿಕೆ, ಚಾರ್ಜ್‌ಶೀಟ್. ತೀರ್ಪಿನಲ್ಲಿ ಸಾಕ್ಷಿಗಳು ಇವನ ಬಗ್ಗೆ ಪ್ರತ್ಯೇಕವಾಗಿ ಏನಾದರೂ ಹೇಳಿದ್ದಾರಾ ಎಂದು ಮೊದಲು ಓದಬೇಕು. ಹೇಳಿದ್ದರೆ ಈ ದಾರಿ ಕಷ್ಟ. ಇವನ ವಿಷಯದಲ್ಲಿ ಅಂಥ ಒಂದು ಮಾತೂ ಇರಲಿಲ್ಲ. ಕೆಲವು ತಿಂಗಳಲ್ಲಿ ಕೇಸು ರದ್ದಾಯಿತು. ಅಷ್ಟರಲ್ಲಿ ಮೊದಲಿನ ಆಫರ್ ಕೈತಪ್ಪಿತ್ತು. ಅಪ್ಪನ ಕೇಸು ನಡೆಯುವಾಗಲೇ ಇವನೂ ಹಾಜರಾಗಿದ್ದರೆ ಈ ಯಾವುದೂ ಬೇಕಿರಲಿಲ್ಲ ಎಂದು ಇವತ್ತಿಗೂ ನನಗೆ ಬೇಸರವಿದೆ.

ಕೇಸು ಈಗಲೇ ಮುಗಿಯುವ ಹಾಗಿಲ್ಲ, ಹೊರಡುವುದು ಮಾತ್ರ ತುರ್ತು ಎನ್ನುವವರು ವಿದೇಶಕ್ಕೆ ಹೋಗಲು ವಿಚಾರಣಾ ಕೋರ್ಟಿನ ಅನುಮತಿ ಕೇಳಬಹುದು. 1993ರ ಆಗಸ್ಟ್ 25ರ ಅಧಿಸೂಚನೆ, ಜಿಎಸ್‌ಆರ್ 570(ಇ), ಅಂಥ ಅನುಮತಿ ಇದ್ದವರಿಗೆ ಪಾಸ್‌ಪೋರ್ಟ್ ಕೊಡಲು ದಾರಿ ಮಾಡುತ್ತದೆ. ಕೋರ್ಟು ಅವಧಿ ಹೇಳದಿದ್ದರೆ ಒಂದು ವರ್ಷಕ್ಕೆ ಮಾತ್ರ. ಆದರೆ ಇದು ಪಿಸಿಸಿಗೆ ಬದಲಿಯಲ್ಲ. ಕೇಸು ಬಾಕಿ ಇದೆ ಎಂಬ ವರದಿ ಹಾಗೆಯೇ ಹೋಗುತ್ತದೆ. ಕೇಸಿನ ವಿವರವನ್ನು ನಮೂದಿಸಿಯೇ ಪಿಸಿಸಿ ಕೊಡಿ ಎಂದು ಹೈಕೋರ್ಟಿನಲ್ಲಿ ರಿಟ್ ಹಾಕುವುದುಂಟು. ಅಂಥ ಸರ್ಟಿಫಿಕೇಟ್ ಸಿಕ್ಕರೂ ಅದನ್ನು ಒಪ್ಪುವುದು ಬಿಡುವುದು ಆ ದೇಶದವರ ಕೈಯಲ್ಲಿ. ಸಣ್ಣ ಕೇಸಿಗೆ ನಾನು ಈ ದಾರಿ ಹೇಳುವುದಿಲ್ಲ. ಅದೇ ಶ್ರಮದಲ್ಲಿ ಕೇಸನ್ನೇ ಮುಗಿಸಿಕೊಳ್ಳಬಹುದು.

## ಹಂತ 5: ಠಾಣೆಯ ದಾಖಲೆ ಸರಿಪಡಿಸಿಕೊಳ್ಳಿ

ತೀರ್ಪು ಬಂದ ಮಾತ್ರಕ್ಕೆ ಠಾಣೆಯಲ್ಲಿ ತಾನಾಗಿಯೇ ಬದಲಾಗುತ್ತದೆ ಎಂದು ನಂಬಿ ಕೂರಬೇಡಿ. ಕೋರ್ಟಿನ ನಕಲು ವಿಭಾಗದಲ್ಲಿ ಅರ್ಜಿ ಕೊಟ್ಟು ಎರಡು ದೃಢೀಕೃತ ನಕಲು ತೆಗೆದುಕೊಳ್ಳಿ. ಹಳೇ ಕೇಸಾದರೆ ಫೈಲು ರೆಕಾರ್ಡ್ ರೂಮಿಗೆ ಹೋಗಿರುತ್ತದೆ, ಹುಡುಕಿ ತೆಗೆಯಲು ಸಮಯ ಬೇಕು. ಈಕೋರ್ಟ್ಸ್‌ನಿಂದ ತೆಗೆದ ಪ್ರಿಂಟ್ ತೋರಿಸಿದರೆ ಸಾಲುವುದಿಲ್ಲ.

ಒಂದು ನಕಲನ್ನು ಮನವಿ ಪತ್ರದ ಜೊತೆ ಠಾಣೆಗೆ ಕೊಟ್ಟು, ಮನವಿ ಪತ್ರದ ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಪತ್ರದಲ್ಲಿ ಎಫ್‌ಐಆರ್ ನಂಬರ್, ಸಿ.ಸಿ. ನಂಬರ್, ಆದೇಶದ ದಿನಾಂಕ ಮೂರೂ ಇರಲಿ. ಹೈಕೋರ್ಟಿನಲ್ಲಿ ರದ್ದಾಗಿದ್ದರೆ ಆ ಆದೇಶವನ್ನು ಮೊದಲು ಕೆಳಕೋರ್ಟಿಗೆ ಹಾಜರುಪಡಿಸಿ, ಅಲ್ಲಿ ಕೇಸು ಮುಕ್ತಾಯ ಎಂದು ಬರೆಸಬೇಕು. ಇದನ್ನು ಮರೆತರೆ ಹೈಕೋರ್ಟಿನಲ್ಲಿ ಗೆದ್ದ ಕೇಸು ಕೆಳಕೋರ್ಟಿನಲ್ಲಿ ಮತ್ತೆ ಮುಂದಿನ ದಿನಾಂಕಕ್ಕೆ ಹೋಗುತ್ತಲೇ ಇರುತ್ತದೆ. ಒಂದು ವಾರ ಬಿಟ್ಟು ಠಾಣೆಗೆ ಮತ್ತೆ ಹೋಗಿ, ಕಂಪ್ಯೂಟರ್‌ನಲ್ಲಿ ಬದಲಾಗಿದೆಯೇ ಎಂದು ಕೇಳಿ.

## ಹಂತ 6: ಈಗ ಅರ್ಜಿ ಹಾಕಿ

passportindia.gov.in ನಲ್ಲಿ ನೋಂದಾಯಿಸಿಕೊಂಡು Apply for Police Clearance Certificate ಆರಿಸಿ. ಶುಲ್ಕ ₹500, ಆನ್‌ಲೈನ್‌ನಲ್ಲೇ ಕಟ್ಟಿ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಬೇಕು. ಇದಕ್ಕಾಗಿ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಲೇಬೇಕು ಎನ್ನುವುದು ಹಳೇ ಮಾತು. 2022ರ ಸೆಪ್ಟೆಂಬರ್ 28ರಿಂದ ಅಂಚೆ ಕಚೇರಿಯಲ್ಲಿರುವ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲೂ ಪಿಸಿಸಿ ಅರ್ಜಿ ಸ್ವೀಕರಿಸುತ್ತಾರೆ. ನಿಮಗೆ ಹತ್ತಿರದ ಕೇಂದ್ರ ಯಾವುದೆಂದು ಅಪಾಯಿಂಟ್‌ಮೆಂಟ್ ಪುಟದಲ್ಲೇ ಕಾಣುತ್ತದೆ.

ಹೋಗುವಾಗ ಮೂಲ ಪಾಸ್‌ಪೋರ್ಟ್, ಅದರ ಮೊದಲ ಮತ್ತು ಕೊನೆಯ ಪುಟಗಳ ಜೆರಾಕ್ಸ್, ಈಗಿನ ವಿಳಾಸದ ದಾಖಲೆ, ಕೆಲಸದ ಕರಾರು ಅಥವಾ ಆಫರ್ ಪತ್ರ ಇಟ್ಟುಕೊಳ್ಳಿ. ಹಳೇ ಕೇಸಿದ್ದವರು ತೀರ್ಪಿನ ದೃಢೀಕೃತ ನಕಲನ್ನೂ ಒಯ್ಯಿರಿ.

ಅರ್ಜಿಯನ್ನು ಸೈಬರ್ ಸೆಂಟರ್‌ನಲ್ಲಿ ತುಂಬಿಸುವವರು ಮೂರು ಕಡೆ ಕಣ್ಣಿಡಬೇಕು. ಮೊದಲನೆಯದು ಮೊಬೈಲ್ ನಂಬರ್. ಎಷ್ಟೋ ಅರ್ಜಿಗಳಲ್ಲಿ ಸೆಂಟರ್‌ನವರ ನಂಬರೇ ಇರುತ್ತದೆ. ಪೊಲೀಸರು ಫೋನ್ ಮಾಡಿದಾಗ ಅವರಿಗೆ ನೀವು ಯಾರೆಂದು ನೆನಪೂ ಇರುವುದಿಲ್ಲ. ಎರಡನೆಯದು ವಿಳಾಸ. ಬೆಂಗಳೂರಿನ ಪಿಜಿಯಲ್ಲಿ ಇದ್ದುಕೊಂಡು ಚನ್ನಗಿರಿಯ ಮನೆಯನ್ನು ಈಗಿನ ವಿಳಾಸ ಎಂದು ಬರೆದರೆ, ಪೊಲೀಸರು ಬಂದಾಗ ಅರ್ಜಿದಾರ ಇಲ್ಲಿ ವಾಸವಿಲ್ಲ ಎಂದು ವರದಿ ಹೋಗುತ್ತದೆ. ಕೇಸೇ ಇಲ್ಲದವರ ಪಿಸಿಸಿ ನಿಲ್ಲುವುದು ಇದರಿಂದಲೇ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಕೋರ್ಟಿನಲ್ಲಿ ಕ್ರಿಮಿನಲ್ ಪ್ರಕರಣ ಬಾಕಿ ಇದೆಯೇ, ಶಿಕ್ಷೆಯಾಗಿದೆಯೇ ಎಂಬ ಪ್ರಶ್ನೆಗಳು ಅರ್ಜಿಯಲ್ಲಿವೆ. ತುಂಬುವವರು ನಿಮ್ಮನ್ನು ಕೇಳದೆ ಎಲ್ಲಕ್ಕೂ No ಒತ್ತಿಕೊಂಡು ಹೋಗುತ್ತಾರೆ. ಸುಳ್ಳು ಹೇಳಿದ್ದು ನೀವೇ ಎಂದಾಗುತ್ತದೆ. ಕೇಸಿನಿಂದ ಬಂದ ವಿಳಂಬವನ್ನು ದಾಖಲೆ ಕೊಟ್ಟು ಸರಿಪಡಿಸಬಹುದು, ಮುಚ್ಚಿಟ್ಟದ್ದು ಹೊರಬಂದರೆ ವಿವರಣೆ ಕೊಡುವುದು ಬಹಳ ಕಷ್ಟ. ಮಾಹಿತಿ ಮುಚ್ಚಿಟ್ಟು ಪಡೆದ ಪಾಸ್‌ಪೋರ್ಟನ್ನೇ ವಶಪಡಿಸಿಕೊಳ್ಳಲು ಕಾಯ್ದೆಯಲ್ಲಿ ಅವಕಾಶವಿದೆ. ಸಲ್ಲಿಸುವ ಮೊದಲು ಸ್ಕ್ರೀನ್ ನಿಮ್ಮ ಕಡೆ ತಿರುಗಿಸಿಕೊಂಡು ಈ ಪ್ರಶ್ನೆಗಳನ್ನು ನೀವೇ ಓದಿ.

## ಹಂತ 7: ಪೊಲೀಸ್ ಪರಿಶೀಲನೆಯ ದಿನ

ಇತ್ತೀಚೆಗೆ ಅದೇ ವಿಳಾಸದಲ್ಲಿ ಪಾಸ್‌ಪೋರ್ಟ್ ಪರಿಶೀಲನೆ ಆಗಿ ಸ್ವಚ್ಛ ವರದಿ ಇದ್ದವರಿಗೆ ಕೆಲವೊಮ್ಮೆ ಹೊಸ ಪರಿಶೀಲನೆ ಇಲ್ಲದೆ ಪಿಸಿಸಿ ಸಿಕ್ಕಿಬಿಡುತ್ತದೆ. ಉಳಿದವರ ಫೈಲು ಎಸ್‌ಪಿ ಕಚೇರಿಗೆ, ಅಲ್ಲಿಂದ ನಿಮ್ಮ ಠಾಣೆಗೆ ಹೋಗುತ್ತದೆ. ಸಿಬ್ಬಂದಿ ಮನೆಗೆ ಬರಬಹುದು, ಠಾಣೆಗೆ ಕರೆಯಬಹುದು.

ಹಳೇ ಕೇಸಿನ ವಿಷಯವನ್ನು ಅವರು ಕೇಳುವ ಮೊದಲೇ ನೀವು ಹೇಳಿ. ನಮ್ಮ ಹುಡುಗ ಒಂದು ಪ್ಲಾಸ್ಟಿಕ್ ಫೋಲ್ಡರ್‌ನಲ್ಲಿ ಮೇಲೆ ಹೈಕೋರ್ಟ್ ಆದೇಶ, ಅದರ ಕೆಳಗೆ ಕೆಳಕೋರ್ಟಿನ ಮುಕ್ತಾಯದ ಆದೇಶ, ಕೊನೆಗೆ ಠಾಣೆಯ ಸೀಲಿದ್ದ ಮನವಿ ಪತ್ರ ಇಟ್ಟುಕೊಂಡು ಹೋಗಿದ್ದ. ಆದೇಶದ ಕೊನೆಯ ಪುಟದಲ್ಲಿ ಕೇಸು ರದ್ದಾಗಿದೆ ಎಂಬ ಸಾಲಿನ ಪಕ್ಕ ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆದುಕೊಟ್ಟಿದ್ದೆ. ಹದಿನೈದು ಪುಟ ಓದಲು ಅಲ್ಲಿ ಯಾರಿಗೂ ಪುರಸೊತ್ತಿರುವುದಿಲ್ಲ. ಅವರು ಆ ಪುಟದ ಫೋಟೋ ತೆಗೆದುಕೊಂಡರು, ಐದು ನಿಮಿಷದಲ್ಲಿ ಮುಗಿಯಿತು.

ಇದಕ್ಕೆ ದುಡ್ಡು ಕೊಡಬೇಕಿಲ್ಲ. ಅರ್ಜಿಯ ಶುಲ್ಕ ಆಗಲೇ ಕಟ್ಟಿದ್ದೀರಿ.

## ಹಂತ 8: ಫೈಲು ನಿಂತರೆ

Track Application Status ನಲ್ಲಿ ಫೈಲ್ ನಂಬರ್ ಮತ್ತು ಹುಟ್ಟಿದ ದಿನಾಂಕ ಹಾಕಿ ನೋಡುತ್ತಿರಿ. ಪೊಲೀಸ್ ಪರಿಶೀಲನೆ ಬಾಕಿ ಎಂದು ವಾರಗಟ್ಟಲೆ ತೋರಿಸಿದರೆ ಫೈಲು ಎಸ್‌ಪಿ ಕಚೇರಿ ಅಥವಾ ಠಾಣೆಯಲ್ಲಿದೆ ಎಂದರ್ಥ. ಅಲ್ಲಿ ವಿಚಾರಿಸಿ, ಪಾಸ್‌ಪೋರ್ಟ್ ಕಚೇರಿಗೆ ಓಡಿ ಪ್ರಯೋಜನವಿಲ್ಲ. ವರದಿ ಬಂದು ಪಾಸ್‌ಪೋರ್ಟ್ ಕಚೇರಿಯಲ್ಲಿ ಪರಿಶೀಲನೆ ನಡೆಯುತ್ತಿದೆ ಎಂದರೆ ಅಲ್ಲಿಗೆ ಹೋಗಬೇಕು. ಸಹಾಯವಾಣಿ 1800-258-1800.

ಪ್ರತಿಕೂಲ ವರದಿ ಬಂದಿದೆ ಎಂದು ಪತ್ರ ಬಂದರೆ ಗಾಬರಿಯಾಗಿ ಇನ್ನೊಂದು ಅರ್ಜಿ ಹಾಕಬೇಡಿ. ಅದೇ ಠಾಣೆಗೆ ಹೋಗಿ ಅದೇ ವರದಿ ಬರುತ್ತದೆ. ಯಾವ ಕೇಸಿನ ಕಾರಣಕ್ಕೆ ಎಂದು ಪತ್ರದಿಂದ ತಿಳಿದುಕೊಂಡು, ಕೊಟ್ಟ ಗಡುವಿನೊಳಗೆ ಆದೇಶದ ನಕಲಿನ ಜೊತೆ ಲಿಖಿತ ಉತ್ತರ ಕೊಟ್ಟು, ಮರುಪರಿಶೀಲನೆಗೆ ಕೇಳಿ. ಕೇಸು ನಿಮ್ಮದಲ್ಲ, ಅದೇ ಹೆಸರಿನ ಬೇರೆಯವನದು ಎನ್ನುವುದೂ ಆಗುತ್ತದೆ. ಆಗ ಚಾರ್ಜ್‌ಶೀಟಿನಲ್ಲಿರುವ ತಂದೆಯ ಹೆಸರು, ವಯಸ್ಸು, ಊರನ್ನು ನಿಮ್ಮ ದಾಖಲೆಯ ಪಕ್ಕ ಇಟ್ಟು ತೋರಿಸಿ.

## ಹಂತ 9: ಪಿಸಿಸಿ ಕೈಗೆ ಬಂದಾಗ

ಪಾಸ್‌ಪೋರ್ಟ್ ನಂಬರ್, ಹೆಸರಿನ ಸ್ಪೆಲ್ಲಿಂಗ್, ದೇಶದ ಹೆಸರು ಅಲ್ಲೇ ನೋಡಿಕೊಳ್ಳಿ. ಕುವೈತ್‌ಗೆ ತೆಗೆದ ಪಿಸಿಸಿ ಕತಾರ್‌ಗೆ ಆಗುವುದಿಲ್ಲ. ಈ ನಡುವೆ ಪಾಸ್‌ಪೋರ್ಟ್ ನವೀಕರಿಸಿದರೆ ನಂಬರ್ ಬದಲಾಗಿ ಹಳೇ ಪಿಸಿಸಿ ಹೊಂದುವುದಿಲ್ಲ. ಅವಧಿ ಮುಗಿಯುತ್ತ ಬಂದ ಪಾಸ್‌ಪೋರ್ಟ್ ಇದ್ದವರು ಮೊದಲು ಅದನ್ನು ನವೀಕರಿಸಿ. ಎಷ್ಟು ತಿಂಗಳೊಳಗಿನ ಪಿಸಿಸಿ ಬೇಕು, ಅಪಾಸ್ಟಿಲ್ ಅಥವಾ ರಾಯಭಾರ ಕಚೇರಿಯ ದೃಢೀಕರಣ ಬೇಕೇ ಎನ್ನುವುದನ್ನು ಆ ದೇಶವೇ ನಿರ್ಧರಿಸುತ್ತದೆ. ಅದನ್ನು ಮೊದಲೇ ತಿಳಿದು ಅರ್ಜಿಯ ದಿನಾಂಕ ಹೊಂದಿಸಿಕೊಳ್ಳಿ.

ಆ ಎಲೆಕ್ಟ್ರಿಷಿಯನ್‌ಗೆ ಎರಡನೆಯ ಆಫರ್ ಬಂದಾಗ ಪಿಸಿಸಿ ಸಿಕ್ಕಿತು. ಆ ಪ್ಲಾಸ್ಟಿಕ್ ಫೋಲ್ಡರನ್ನು ಅಪ್ಪನ ಹತ್ತಿರ ಬಿಟ್ಟುಹೋಗು ಎಂದು ಹೇಳಿ ಕಳಿಸಿದೆ. ಪಾಸ್‌ಪೋರ್ಟ್ ನವೀಕರಣಕ್ಕೆ, ಮುಂದಿನ ಪಿಸಿಸಿಗೆ ಅದೇ ಕಾಗದಗಳನ್ನು ಇಲ್ಲಿಂದಲೇ ಕಳಿಸಬೇಕಾಗುತ್ತದೆ.